ಇಪ್ಪತ್ತಾರನ್ನು ಕೈಬಿಟ್ಟ ಮೇಲೆ ನಮ್ಮ ಸಂಬಳ ಕಟ್ ಲೆಕ್ಕ ಸರಿಹೋಯಿತು

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ತಿಂಗಳ ಸಂಬಳದವರು ಅರವತ್ತರ ಹತ್ತಿರ ಇದ್ದಾರೆ. ದಿನಗೂಲಿಯವರ ಲೆಕ್ಕವೇ ಬೇರೆ, ಅದು ಇಲ್ಲಿ ಬೇಡ. ಎರಡು ವರ್ಷದ ಹಿಂದೆ ನಾನು ಲಾಸ್ ಆಫ್ ಪೇ ಲೆಕ್ಕ ಬದಲಿಸುತ್ತೇನೆ ಅಂದಾಗ ಮಾಲೀಕರು, ಆಡಿಟರ್, ಸಾಫ್ಟ್‌ವೇರ್ ಹುಡುಗ ಮೂವರೂ ಬೇಡವೆಂದು ತಲೆ ಅಲ್ಲಾಡಿಸಿದ್ದರು. ಈಗ ಯಾರೂ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ನಾವೂ ತಿಂಗಳ ಸಂಬಳವನ್ನು 26ರಿಂದ ಭಾಗಿಸುತ್ತಿದ್ದೆವು. ಭಾನುವಾರ ಬಿಟ್ಟು ಬಾರದ ದಿನ ಎಣಿಸಿ ಗುಣಿಸಿದರೆ ಮುಗಿಯಿತು. ಒಂದೆರಡು ದಿನದ ರಜೆಗೆ ಇದರಲ್ಲಿ ತೊಂದರೆ ಕಾಣುವುದೇ ಇಲ್ಲ. ತಿಂಗಳಲ್ಲಿ ಜಾಸ್ತಿ ದಿನ ಬಾರದವರು ಸಿಕ್ಕಾಗ ಹುಳುಕು ಹೊರಬೀಳುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಎಲ್ಲರ ಸಂಬಳವನ್ನೂ 23,400 ಎಂದೇ ಇಟ್ಟುಕೊಳ್ಳುತ್ತೇನೆ. 26ರಿಂದ ಭಾಗಿಸಿದರೆ ದಿನಕ್ಕೆ 900.

ಸಕಲೇಶಪುರ ಕಡೆಯ ನಮ್ಮ ಡ್ರೈವರ್ ಒಬ್ಬರ ತಂದೆಗೆ ಜುಲೈನಲ್ಲಿ ಹುಷಾರಿರಲಿಲ್ಲ. ಮಳೆ ಬೇರೆ. ಇಡೀ ತಿಂಗಳು ಬರಲಿಲ್ಲ, 31ನೇ ತಾರೀಖು ಮಾತ್ರ ಬಂದು ಮಂಗಳೂರಿಗೆ ಒಂದು ಲೋಡ್ ಬಿಟ್ಟು ಬಂದರು. ಆ ಜುಲೈನಲ್ಲಿ ನಾಲ್ಕೇ ಭಾನುವಾರ, ಹಬ್ಬದ ರಜೆ ಇಲ್ಲ, ಕೆಲಸದ ದಿನ 27. ಬಾರದಿದ್ದದ್ದು 26. 26 ಸಲ 900 ಅಂದರೆ 23,400. ಸಂಬಳ ಸೊನ್ನೆ! ಪೇ ಸ್ಲಿಪ್ ಹಿಡಿದು ಬಂದು, "ಸಾರ್, ನಾನು ಮಂಗಳೂರಿಗೆ ಹೋಗಿದ್ದು ಕನಸಲ್ಲಾ?" ಅಂದರು. ನನಗೆ ಮಾತೇ ಹೊರಡಲಿಲ್ಲ.

ಇದರ ಉಲ್ಟಾ ಫೆಬ್ರವರಿಯಲ್ಲಿ ಆಯಿತು. 28 ದಿನದ ಫೆಬ್ರವರಿ, 24 ಕೆಲಸದ ದಿನ. ಗೋಡೌನ್‌ನ ಒಬ್ಬರು ಒಂದು ದಿನವೂ ಬರಲಿಲ್ಲ. 24 ದಿನಕ್ಕೆ ಕಟ್ ಆಗಿದ್ದು 21,600. ಉಳಿದ 1,800 ಅವರ ಖಾತೆಗೆ ಹೋಗಿತ್ತು. ಮಾಲೀಕರು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಕೇಳಿದ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ.

ಸಾಫ್ಟ್‌ವೇರ್ ಹುಡುಗನ ಸಲಹೆಯಂತೆ 30ಕ್ಕೆ ಬದಲಿಸಿದೆವು. ದಿನಕ್ಕೆ 780. ಸಂಬಳ ಇಡೀ ತಿಂಗಳದ್ದು ಅಂದ ಮೇಲೆ ರಜೆಯ ನಡುವೆ ಬರುವ ಭಾನುವಾರವನ್ನೂ ಎಣಿಸಬೇಕು ಅಂತ ಅವನ ವಾದ. ಮೂರು ತಿಂಗಳು ನಡೆಸಿದೆ. ಶನಿವಾರ, ಸೋಮವಾರ ರಜೆ ಹಾಕಿದ ಹುಡುಗಿಗೆ ಮೂರು ದಿನ ಕಟ್ ಆಗಿ 2,340 ಹೋಯಿತು. ಆಕೆ ಸುಮ್ನೆ ಕೂರುವವಳಲ್ಲ. "ಭಾನುವಾರ ಯಾರೂ ಬರಲ್ಲ, ನಾನು ಹೇಗೆ ಆಬ್ಸೆಂಟ್ ಆದೆ?" ಅಂದಳು.

ಆಗ ಕಾನೂನು ತೆಗೆದು ನೋಡಿದೆ. 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ ಬಹಳ ನೇರವಾಗಿತ್ತು. ದುಡಿಯಬೇಕಿದ್ದ ಅವಧಿಯಲ್ಲಿ ಗೈರಿನ ಪಾಲು ಎಷ್ಟೋ, ಸಂಬಳದಲ್ಲಿ ಕಡಿತದ ಪಾಲು ಅದಕ್ಕಿಂತ ಹೆಚ್ಚಾಗುವಂತಿಲ್ಲ. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯ 20ನೇ ಸೆಕ್ಷನ್‌ನಲ್ಲೂ ಇದೇ ಮಾತು. ಅಲ್ಲಿ 26 ಇಲ್ಲ, 30 ಇಲ್ಲ. ಆ ತಿಂಗಳು ಆಕೆ ದುಡಿಯಬೇಕಿದ್ದದ್ದು 27 ದಿನ, ಬಾರದಿದ್ದದ್ದು ಎರಡು. 23,400ರಲ್ಲಿ 27ರ ಎರಡು ಪಾಲು ಅಂದರೆ 1,733. ನಾನು 607 ರೂಪಾಯಿ ಜಾಸ್ತಿ ಕಿತ್ತುಕೊಂಡಿದ್ದೆ.

ಭಾನುವಾರ ಎಣಿಸದೆ 30ರಿಂದ ಭಾಗಿಸಿದರೆ? ಅದನ್ನೂ ಹಾಳೆಯ ಮೇಲೆ ಮಾಡಿ ನೋಡಿದೆ. ಫೆಬ್ರವರಿ ಪೂರ್ತಿ ಬಾರದವರಿಗೆ 24 ದಿನದ 18,720 ಕಟ್ ಆಗಿ 4,680 ಕೈಗೆ ಸಿಗುತ್ತದೆ. ಕೆಲಸಗಾರರಿಗೆ ಇದರಿಂದ ನಷ್ಟವಿಲ್ಲ, ಕಾನೂನೂ ತಡೆಯುವುದಿಲ್ಲ. ಆದರೆ ಮಾಲೀಕರಿಗೆ ಹೇಳುವವರು ಯಾರು?

ಕೊನೆಗೆ ಹಿಡಿದದ್ದು ಇಷ್ಟೇ: ಆ ತಿಂಗಳಲ್ಲಿ ನಿಜವಾಗಿ ಎಷ್ಟು ಕೆಲಸದ ದಿನ ಇತ್ತೋ ಅದರಿಂದಲೇ ಭಾಗಿಸುವುದು. ಭಾನುವಾರವೂ ಇಲ್ಲ, ಹಬ್ಬದ ರಜೆಯೂ ಇಲ್ಲ. ಗೈರಿನ ಎಣಿಕೆಯಿಂದ ಯಾವುದನ್ನು ಬಿಟ್ಟೆವೋ ಭಾಗಿಸುವ ಸಂಖ್ಯೆಯಿಂದಲೂ ಅದನ್ನೇ ಬಿಡಬೇಕು. ನಾವು ಅಷ್ಟು ದಿನ ಎಡವಿದ್ದು ಇಲ್ಲೇ.

ಆಡಿಟರ್ ಒಪ್ಪಲಿಲ್ಲ. "ಪ್ರತಿ ತಿಂಗಳು ದಿನದ ರೇಟ್ ಬದಲಾದರೆ ಜನ ಗಲಾಟೆ ಮಾಡ್ತಾರೆ" ಅಂದರು. ಬದಲಾಗುವುದೇನೋ ನಿಜ. ಜುಲೈನಲ್ಲಿ ಒಂದು ದಿನಕ್ಕೆ 867, ಫೆಬ್ರವರಿಯಲ್ಲಿ 975. ಅವರಿಗೆ ಒಂದು ಲೆಕ್ಕ ಮಾಡಿ ತೋರಿಸಿದೆ. ಅದೇ 27 ದಿನದ ಜುಲೈನಲ್ಲಿ ಒಬ್ಬರು ಮಧ್ಯದಲ್ಲಿ ಸೇರುತ್ತಾರೆ, 13 ದಿನ ಕೆಲಸ ಮಾಡುತ್ತಾರೆ. 26ರ ಲೆಕ್ಕದಲ್ಲಿ ದುಡಿದ ದಿನಕ್ಕೆ ಕೊಟ್ಟರೆ 11,700. ಇಲ್ಲದ 14 ದಿನಕ್ಕೆ ಕತ್ತರಿಸಿದರೆ 10,800. ಒಬ್ಬನೇ ಮನುಷ್ಯ, ಅದೇ ತಿಂಗಳು, ಎರಡು ಸಂಬಳ. 27ರಿಂದ ಭಾಗಿಸಿದರೆ ಕೊಟ್ಟು ನೋಡಿ, ಕತ್ತರಿಸಿ ನೋಡಿ, ಎರಡೂ ಕಡೆ 11,267. ಆಡಿಟರ್ ಕ್ಯಾಲ್ಕುಲೇಟರ್ ತಾವೇ ತೆಗೆದುಕೊಂಡು ಒತ್ತಿದರು. ಆಮೇಲೆ ಕಾಫಿ ತರಿಸಿದರು.

ನೀವು ಯಾವ ಸಂಖ್ಯೆಯಿಂದಲೇ ಭಾಗಿಸಿ, ಈ ಎರಡು ಕಡೆಯ ಲೆಕ್ಕ ಒಮ್ಮೆ ಮಾಡಿ. ತಾಳೆಯಾಗದಿದ್ದರೆ ಯಾರಿಗೋ ಹಣ ಹೋಗುತ್ತಿದೆ, ಇಲ್ಲ ಯಾರದ್ದೋ ಬರುತ್ತಿದೆ.

ಸಾಫ್ಟ್‌ವೇರ್‌ನವರು ಇದನ್ನು ಮಾಡಿಕೊಡಲು ಎಂಟು ಸಾವಿರವೋ ಏನೋ ಕೇಳಿದರು. ನಾನು ಎಕ್ಸೆಲ್‌ನಲ್ಲೇ ಮುಗಿಸಿದೆ. B ಕಾಲಂನಲ್ಲಿ ಸಂಬಳ, Dಯಲ್ಲಿ ಗೈರಿನ ದಿನ, F2 ಮತ್ತು G2ನಲ್ಲಿ ತಿಂಗಳ ಮೊದಲ, ಕೊನೆಯ ತಾರೀಖು, Hನಲ್ಲಿ ಹಬ್ಬದ ರಜೆಗಳು:

```
=ROUND(B2*D2/NETWORKDAYS.INTL($F$2,$G$2,11,$H$2:$H$20),0)
```

ಆ 11 ಅಂದರೆ ಭಾನುವಾರ ಮಾತ್ರ ವಾರದ ರಜೆ. ಮೊದಲ ತಿಂಗಳು ಅಲ್ಲಿ 1 ಹಾಕಿಬಿಟ್ಟಿದ್ದೆ. ಅದು ಶನಿವಾರವನ್ನೂ ರಜೆ ಅಂತ ತೆಗೆದುಕೊಂಡಿತು, ಕೆಲಸದ ದಿನ 22ಕ್ಕೋ 23ಕ್ಕೋ ಇಳಿದು ಎಲ್ಲರ ಕಡಿತವೂ ಏರಿತು. ಸಂಬಳ ಹಾಕುವ ಹಿಂದಿನ ರಾತ್ರಿ ಕಣ್ಣಿಗೆ ಬಿತ್ತು, ಬಚಾವಾದೆ. ಇನ್ನೊಂದು ಮಾತು, ಕಡಿತವನ್ನು ಬೇಸಿಕ್, ಅಲೋಯನ್ಸ್ ಎಲ್ಲದರಲ್ಲೂ ಅದೇ ಪಾಲಿನಲ್ಲಿ ಇಳಿಸಿ. ನಾನು ಒಮ್ಮೆ ಎಲ್ಲವನ್ನೂ ಸ್ಪೆಷಲ್ ಅಲೋಯನ್ಸ್‌ನಿಂದ ತೆಗೆದು, ಬಾರದ ದಿನದ ಬೇಸಿಕ್‌ಗೂ ಪಿಎಫ್ ಕಟ್ಟಿದ್ದೆ.

ವಾಚ್‌ಮನ್‌ಗಳಿಗೆ ಈ ಫಾರ್ಮುಲಾ ನಡೆಯುವುದಿಲ್ಲ. ಅವರ ವಾರದ ರಜೆ ಸರದಿಯಲ್ಲಿ ಬರುತ್ತದೆ, ಒಬ್ಬರಿಗೆ 26 ಆದರೆ ಇನ್ನೊಬ್ಬರಿಗೆ 27. ಅದಕ್ಕೆ ನನ್ನದೊಂದು ಬೇರೆ ಶೀಟ್ ಇದೆ. ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಉತ್ಸಾಹದಲ್ಲಿ ಗ್ರಾಚ್ಯುಟಿ ಲೆಕ್ಕದಲ್ಲೂ 26 ಬದಲಿಸಲು ಹೊರಟಿದ್ದೆ. ಆಡಿಟರ್ ತಡೆದರು, ಒಳ್ಳೆಯದಾಯಿತು. ಅಲ್ಲಿ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು ಅಂತ ಕಾಯ್ದೆಯೇ ಹೇಳಿದೆ. ಬಹುಶಃ ಆ 26 ಅಲ್ಲಿಂದಲೇ ನಮ್ಮ ರಜೆ ಲೆಕ್ಕಕ್ಕೂ ನುಸುಳಿತ್ತು.

ಹಳೆಯದನ್ನೂ ಕೆದಕಿ ನೋಡಿದೆ. ಜಾಸ್ತಿ ಕತ್ತರಿಸಿದ್ದು ಎಲ್ಲಾ ಸೇರಿ ಹನ್ನೊಂದು ಸಾವಿರ ಚಿಲ್ಲರೆ. ಮಾಲೀಕರು ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಸಹಿ ಹಾಕಿದರು. ಡ್ರೈವರ್‌ಗೆ ಆ ಜುಲೈನ ಒಂದು ದಿನದ 867 ರೂಪಾಯಿ ಬಂತು. ಮೊಬೈಲ್‌ಗೆ ಮೆಸೇಜ್ ಬಂದಾಗ ನನಗೇ ತಂದು ತೋರಿಸಿ, "ಮಂಗಳೂರು ದುಡ್ಡಾ ಸಾರ್ ಇದು?" ಅಂದರು.