ಟೆರೇಸಲ್ಲಿ ಗೆರಟೆ ದೀಪ: ಮೂರನೇ ವರ್ಷ ಸರಿಯಾದದ್ದು

ಈ ಸಲ ದೀಪಾವಳಿಗೆ ನಮ್ಮ ಟೆರೇಸಲ್ಲಿ ಇಪ್ಪತ್ತಾರು ದೀಪ ನೇತಾಡಿದ್ದು, ಹದಿನಾರು ತೆಂಗಿನ ಗೆರಟೆದು, ಹತ್ತು ಮಣ್ಣಿನ ಕುಡಿಕೆದು, ಏಳೂವರೆಗೆ ಹಚ್ಚಿದ್ದು ಹತ್ತೂಕಾಲುವರೆಗೆ ಒಂದೂ ಬೀಳ್ಲಿಲ್ಲ, ಒಂದು ತೊಟ್ಟು ಎಣ್ಣೆ ಕೆಳಗೆ ಬರ್ಲಿಲ್ಲ, ಬಣ್ಣ ಬೆಳಿಗ್ಗೆ ನೋಡುವಾಗ್ಲೂ ಹಾಗೇ ಇತ್ತು. ಹಿಂದಿನ ಎರಡು ವರ್ಷ ನಮ್ಮ ಅವಸ್ಥೆ ನೋಡಿದ ಅತ್ತೆ "ಗೆರಟೆ ಬಚ್ಚಲ ಒಲೆಗೆ ಹಾಕ್ಲಿಕ್ಕೆ ಇರುದು, ಅದಕ್ಕೆ ಬಣ್ಣ ಎಂತಕ್ಕೆ?" ಅಂತ ಹೇಳಿದ್ರು, ಭಾವ ಅಂತೂ ಚೈನಾ ಲೈಟ್ ಮಾಲೆ ತಂದು ಕೊಡ್ತೇನೆ ಅಂದಿದ್ರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ.

ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವ ಹಾಗೇ. ಅಡಿಗೆಗೆ ತುರಿದ ಗೆರಟೆಗೆ ನೇರ ಇನಾಮೆಲ್ ಪೇಂಟ್, ಒಳಗೆ ಹಣತೆ, ನೈಲಾನ್ ಹಗ್ಗದಲ್ಲಿ ನೇತಾಡಿಸಿದ್ದು. ತುರಿದ ಗೆರಟೆಯಲ್ಲಿ ಕಾಯಿಯ ಜಿಡ್ಡು ಉಳೀತದೆ, ನಾಲ್ಕು ದಿನದಲ್ಲಿ ಬಣ್ಣ ಉಗುರು ತಾಗಿದ್ರೆ ಸಿಪ್ಪೆ ಹಾಗೆ ಎದ್ದು ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಹಗ್ಗದ್ದು. ಬೆಂಕಿ ತಾಗ್ಲೇ ಇಲ್ಲ, ಬಿಸಿಗೇ ನೈಲಾನ್ ಮೆದುವಾಗಿ ಉದ್ದ ಆಯ್ತು, ಅರ್ಧ ಗಂಟೆಯಲ್ಲಿ ಒಂದು ತುಂಡಾಯ್ತು. ಕೆಳಗೆ ಹರವಿದ್ದ ಅಡಿಕೆ ಮೇಲೆ ಎಣ್ಣೆ ಚೆಲ್ಲಿ ಅಷ್ಟು ಅಡಿಕೆಯನ್ನು ಬೇರೆ ಹೆಕ್ಕಿ ಇಡ್ಬೇಕಾಯ್ತು. ಪೇಂಟ್, ಬ್ರಶ್, ಹಗ್ಗ ಎಲ್ಲ ಸೇರಿ ಸಾವಿರದ ಇನ್ನೂರರ ಹತ್ತಿರ ಹೋಯ್ತು ಆ ವರ್ಷ.

ಎರಡನೇ ವರ್ಷ ಮಣ್ಣಿನ ಸಣ್ಣ ಕುಡಿಕೆ ತಂದೆ, ಒಂದಕ್ಕೆ ಮೂವತ್ತು ರೂಪಾಯಿ ಹತ್ರ. ಹೊರಗೆ ಚಂದ ಮಾಡಿ ಅಕ್ರಿಲಿಕ್ ಬಳಿದು ಒಳಗೆ ನೇರ ಎಣ್ಣೆ ಹಾಕಿ ಹಚ್ಚಿದೆ. ಸುಟ್ಟ ಮಣ್ಣು ಎಣ್ಣೆ ಎಳೀತದೆ ಅಂತ ನಮಗೆಲ್ಲ ಗೊತ್ತಿದೆ, ಹಣತೆ ನೀರಲ್ಲಿ ನೆನೆಸುದು ಅದಕ್ಕೇ ಅಲ್ವಾ, ಹಾಗೆ ನಾನೂ ರಾತ್ರಿಯಿಡೀ ನೆನೆಸಿ ಒಣಗಿಸಿದ್ದೆ. ಆದ್ರೆ ಪೂರಾ ಒಣಗಿದ ಮೇಲೆ ಅದು ಮತ್ತೆ ಎಳೀಲಿಕ್ಕೆ ಶುರು ಮಾಡ್ತದೆ, ಸರಿ ಒಣಗದಿದ್ರೆ ಬಣ್ಣದ ಅಡಿಯಲ್ಲಿ ನೀರಿನ ಗುಳ್ಳೆ ಏಳ್ತದೆ, ಹಾಗಾಗಿ ಬಣ್ಣ ಹಾಕುವ ಮಡಕೆಗೆ ನೆನೆಸುವ ಉಪಾಯ ಉಪಯೋಗಕ್ಕೆ ಬರುದಿಲ್ಲ. ಒಂದೂವರೆ ಗಂಟೆಯಲ್ಲಿ ಎಣ್ಣೆ ಹೊರಗೆ ಒಸರಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು, ತಳದಿಂದ ಹನಿ ಬೀಳ್ಲಿಕ್ಕೆ ಶುರುವಾಗಿ ಚಿಕ್ಕಮ್ಮನ ಸೀರೆ ಹಾಳಾಯ್ತು. ಒಳಗೆ ವಾರ್ನಿಶ್ ಹೊಡೆದು ನೋಡಿದೆ, ಬಿಸಿಗೆ ವಾಸನೆ ಬಂತು, ಅಡುಗೆಮನೆವರೆಗೂ. ಬೇಡವೇ ಬೇಡ.

ಆಗ ತಲೆಗೆ ಹೋದದ್ದು, ಬಣ್ಣ ಇರುವ ಪಾತ್ರೆಗೆ ಎಣ್ಣೆ ತಾಗ್ಲೇಬಾರ್ದು. ಗೆರಟೆ, ಕುಡಿಕೆ ಎರಡೂ ಬರೀ ಅಂಗಿ. ಒಳಗೆ ಒಂದು ಸಣ್ಣ ಗಾಜಿನ ಬಾಟ್ಲಿ, ನಮ್ಮಲ್ಲಿ ಹಳೆ ಜಾಮ್, ಉಪ್ಪಿನಕಾಯಿದೆಲ್ಲ ಇತ್ತು, ಎರಡು ಇಂಚು ಎತ್ತರದ್ದು ಸಾಕು. ಅದ್ರಲ್ಲಿ ಮುಕ್ಕಾಲು ನೀರು, ಮೇಲೆ ಎಣ್ಣೆ ಒಂದೂವರೆ ಅಥವಾ ಎರಡು ಚಮಚ, ತೇಲುವ ಬತ್ತಿ. ಬಾಟಲಿ ಬೂಚನ್ನು ತೆಳು ಕೊಯ್ದು ಮೇಲೆ ತಗಡಿನ ತುಂಡು ಇಟ್ಟು ನಡುವೆ ತೂತು ಮಾಡಿ ಬತ್ತಿ ಎಳೆದದ್ದು. ತಗಡು ಇಲ್ಲದಿದ್ರೆ ಬೂಚ್ ಸುಡ್ತದೆ. ಎಣ್ಣೆ ಮುಗಿದ ಕೂಡ್ಲೆ ಬತ್ತಿ ನೀರಿಗೆ ಮುಟ್ಟಿ ತನ್ನಷ್ಟಕ್ಕೆ ಆರಿ ಹೋಗ್ತದೆ, ಗಾಜು ಸುಟ್ಟು ಬಿರಿಯುದಿಲ್ಲ. ತೆಂಗಿನೆಣ್ಣೆ ರೇಟು ಕೇಳಿದ್ರೆ ಬೇಸರ ಆಗುವ ಈ ಕಾಲದಲ್ಲಿ ಅಷ್ಟು ಎಣ್ಣೆಗೆ ಎರಡೂವರೆ ಗಂಟೆ ಉರಿಯುದು ಅಂದ್ರೆ ದೊಡ್ಡ ಸಂಗತಿ. ಬಾಟ್ಲಿ ಸುತ್ತ ಗೆರಟೆಯಲ್ಲಿ ಒಣ ಹೊಯಿಗೆ ತುಂಬಿಸ್ಬೇಕು, ಬಾಟ್ಲಿ ಅಲುಗುದಿಲ್ಲ, ಭಾರಕ್ಕೆ ಗಾಳಿಯಲ್ಲಿ ತೂಗುದೂ ಕಮ್ಮಿ.

ಗೆರಟೆ ಈಗ ಕೊಪ್ಪರ ಒಣಗಿಸಿ ತೆಗೆದದ್ದು ಮಾತ್ರ ಬಳಸ್ತೇನೆ, ತಿರುಳು ತನ್ನಷ್ಟಕ್ಕೆ ಬಿಟ್ಟು ಒಳಗೆ ಕ್ಲೀನ್ ಇರ್ತದೆ. ಆದ್ರೂ ಬಿಸಿನೀರು, ಪಾತ್ರೆ ಸೋಪಲ್ಲಿ ತೊಳೆದು ಎರಡು ದಿನ ಬಿಸಿಲಿಗೆ. ನಾರು ಕತ್ತಿಯಲ್ಲಿ ಹೆರೆದು 80 ನಂಬರ್ ಸ್ಯಾಂಡ್ ಪೇಪರ್, ಮತ್ತೆ 220. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಹುಡಿ ಎರಡು ದಿನ ಕೆಮ್ಮು ತರಿಸ್ತದೆ. ಒಳಗೆ ಬಣ್ಣ ಹಾಕ್ಲಿಕ್ಕೇ ಇಲ್ಲ.

ತೂತು ಕೊರೆಯುದರಲ್ಲಿ ನಾನು ಸುಮಾರು ಹನ್ನೆರಡು ಗೆರಟೆ ಒಡೆದದ್ದು. ಗೆರಟೆ ಮೇಲೆ ಕಣ್ಣಿನ ಹತ್ರದಿಂದ ಮೂರು ಏಣು ಇಳೀತದಲ್ಲ, ಬಿರುಕು ಹೋಗುದು ಹೆಚ್ಚಾಗಿ ಅದೇ ದಾರಿಯಲ್ಲಿ. ಹಾಗಾಗಿ ಏಣಿನ ಮೇಲೆ ಡ್ರಿಲ್ ಇಡ್ಬೇಡಿ, ಎರಡು ಏಣಿನ ನಡುವೆ ಇಡಿ, ಬಾಯಿಯಿಂದ ಒಂದು ಬೆರಳು ಕೆಳಗೆ. ಮೂರು ತೂತಿನ ಜಾಗ ಅಳತೆ ಇಲ್ಲದೆ ಸಿಕ್ಕಿತು. ಆದ್ರೆ ಮೂರು ಭಾಗ ಸಮ ಇರುದಿಲ್ಲ, ಮೆದು ಕಣ್ಣಿನ ಬದಿ ಸ್ವಲ್ಪ ಅಗಲ, ನೇತಾಡಿಸಿದಾಗ ಕೆಲವೊಮ್ಮೆ ಓರೆ ನಿಲ್ತದೆ. ತಗ್ಗಿದ ಬದಿಯ ಸರಿಗೆಯನ್ನು ಒಂದು ಸುತ್ತು ಹೆಚ್ಚು ತಿರುಪಿದ್ರೆ ನೇರ ಆಗ್ತದೆ. ಕುಡಿಕೆ ಆದ್ರೆ ಒಂದು ಗಂಟೆ ನೀರಲ್ಲಿ ನೆನೆಸಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಮೊದಲು ಸಣ್ಣ ಬಿಟ್, ಮತ್ತೆ ದೊಡ್ಡದು. ಮತ್ತೆ ಒಂದು ವಾರ ಒಣಗಿಸಿಯೇ ಬಣ್ಣ.

ಬಣ್ಣಕ್ಕೆ ಅಂಗಡಿಯ ಸಣ್ಣ ಬಾಟ್ಲಿ ಬೇಡ. ಮನೆ ಪೇಂಟ್ ಮಾಡಿ ಉಳಿದ ಪ್ರೈಮರ್ ಒಂದು ಕೈ, ಉಳಿದ ಎಕ್ಸ್ಟೀರಿಯರ್ ಎಮಲ್ಶನ್‌ಗೆ ಸ್ಟೈನರ್ ಬೆರೆಸಿ ಎರಡು ಕೈ, ಎಲ್ಲ ಬಣ್ಣಕ್ಕೂ ಸೇರಿ ಇನ್ನೂರರೊಳಗೆ ಮುಗೀತು. ಕೊನೆಗೆ ಹೊಳಪಿಗೆ ನಾನು ಹಾಕುವ ಒಂದು ಸಾಮಾನು ಉಂಟು, ಅದು ಈಗ ಹೇಳುದಿಲ್ಲ, ಮನೆಗೆ ಬಂದವರಿಗೂ ಹೇಳ್ಲಿಲ್ಲ.

ನಡುವೆ ಕುಡಿಕೆಗೆ ಗೂಡುದೀಪದ ಹಾಗೆ ಕಿಟಕಿ ಕೊರೆದು ಮೇಲೆ ಮುಚ್ಚಳ ಇಟ್ಟು ನೋಡಿದೆ. ಗಾಳಿ ತಡೀತದೆ ನಿಜ, ಆದ್ರೆ ಮುಚ್ಚಳ ಎಲ್ಲ ಮಸಿ, ಬೆಳಕು ಕೆಂಪಾಗಿ ಸತ್ತು ಹೋಯ್ತು. ಮುಚ್ಚಳ ತೆಗೆದು ತಳಕ್ಕೆ ಹತ್ರ ಎರಡು ತೂತು ಹೆಚ್ಚು ಕೊರೆದ ಮೇಲೆ ಉರಿ ನೆಟ್ಟಗೆ ನಿಂತಿತು.

ನೇತಾಡಿಸ್ಲಿಕ್ಕೆ ಸೆಂಟ್ರಿಂಗ್‌ನವರ ಬೈಂಡಿಂಗ್ ವಯರ್, ಕಿಲೋಗೆ ನೂರರ ಆಸುಪಾಸು, ಅರ್ಧ ಕಿಲೋ ಬೇಕಾದಷ್ಟಾಯ್ತು. ಉರಿಯ ಮೇಲೆ ಒಂದೂವರೆ ಅಡಿ ಬಿಟ್ಟು ಮೂರು ಸರಿಗೆ ಕೂಡಿಸಿ ಕೊಕ್ಕೆ. ದೊಡ್ಡ ಸರಿಗೆ ಅಡಿಕೆ ಮರದ ಸಲಾಕೆಯಿಂದ ಸಲಾಕೆಗೆ, ಒಂದೊಂದು ಸಾಲು ಇಪ್ಪತ್ತಡಿ. ಬಿಗಿ ಎಳೆದಷ್ಟೂ ಸಲಾಕೆ ಒಳಗೆ ಬಾಗ್ತದೆ, ಸ್ವಲ್ಪ ಜೋಲು ಬಿಡಿ, ನಡುವೆ ಒಂದು ಆನಿಕೆ ಕೊಡಿ. ಜೋಲು ಬಿಟ್ರೆ ದೀಪ ಎಲ್ಲ ಜಾರಿ ನಡುವಿಗೆ ಬಂದು ಒಂದಕ್ಕೊಂದು ಬಡೀತದೆ, ಅದಕ್ಕೆ ಕಟ್ಟುವ ಮೊದ್ಲೇ ನೆಲದಲ್ಲಿ ಹರವಿ ಎರಡಡಿಗೊಂದು ಸಣ್ಣ ಕುಣಿಕೆ ತಿರುಪಿ ಇಡ್ಬೇಕು.

ಕುಂಬಳೆ ಬದಿ ನಮಗೆ ಸಂಜೆ ಕಡಲ ಗಾಳಿ ಜೋರು, ಆರು ಗಂಟೆಗೆ ಹಚ್ಚಿದ್ರೆ ಅರ್ಧ ಆರ್ತದೆ, ಏಳೂವರೆ ಮೇಲೆ ಗಾಳಿ ಬಿದ್ದ ಮೇಲೆ ಹಚ್ಚುದೇ ಒಳ್ಳೇದು. ತುಲಾ ತಿಂಗಳ ಗುಡುಗು ಮಳೆ ಬಂದ್ರೆ ಮಾತ್ರ ಎಂತದೂ ಮಾಡ್ಲಿಕ್ಕಾಗುದಿಲ್ಲ, ಕೊಕ್ಕೆ ಇದ್ರೆ ಹತ್ತು ನಿಮಿಷದಲ್ಲಿ ಎಲ್ಲ ಇಳಿಸಿ ಒಳಗಿಡ್ಬಹುದು, ಬಲಿಪಾಡ್ಯದ ಹಿಂದಿನ ದಿನ ಹಾಗೇ ಇಳಿಸಿದ್ದು. ಭಾವ ಈಗ ಮಗಳ ಮನೆ ಒಕ್ಕಲಿಗೆ ಹನ್ನೆರಡು ಬೇಕು ಅಂತ ಹೇಳಿ ಕಳಿಸಿದ್ದಾರೆ, ಕೊಪ್ಪರದ ಗೆರಟೆ ಒಲೆಗೆ ಹಾಕದೆ ಅತ್ತೆಯೇ ಚೀಲದಲ್ಲಿ ತುಂಬಿಸಿ ಇಟ್ಟಿದ್ದಾರೆ.