ವಿಭಾಗದಲ್ಲಿ ಮುಂದೆ, ಒಟ್ಟು ಲೆಕ್ಕದಲ್ಲಿ ಹಿಂದೆ

ಪ್ರವೇಶಕ್ಕೆ ಅರ್ಜಿ ಹಾಕಿದವರ ಸಮೀಕ್ಷೆಯೊಂದನ್ನು ವಿಶ್ಲೇಷಿಸುತ್ತಿದ್ದಾಗ, ಒಟ್ಟು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಮಹಿಳೆಯರು ಪ್ರತಿಯೊಂದು ವಿಭಾಗದಲ್ಲೂ ಮುಂದಿರುವುದನ್ನು ಕಂಡು ನಾನು ಮೊದಲು ಅನುಮಾನಿಸಿದ್ದು ನನ್ನ ಕೂಡಿಕೆಯನ್ನೇ. ಎರಡು ಸಲ ಕೂಡಿ ನೋಡಿದರೂ ತಪ್ಪು ಸಿಗಲಿಲ್ಲ. ಕೊನೆಗೆ, ಇದು ಹೇಗೆ ಸಾಧ್ಯವೆಂದು ತಿಳಿಯಲು ಕೇವಲ ಎರಡು ವಿಭಾಗಗಳ ಕಾಲ್ಪನಿಕ ಪಟ್ಟಿಯೊಂದನ್ನು ಮಾಡಿಕೊಂಡೆ.

ಮೊದಲ ವಿಭಾಗಕ್ಕೆ 80 ಪುರುಷರು ಅರ್ಜಿ ಹಾಕಿ 48 ಮಂದಿ ಸೀಟು ಪಡೆದರು, ಅಂದರೆ ಶೇ. 60, ಅದೇ ವಿಭಾಗದಲ್ಲಿ 20 ಮಹಿಳೆಯರ ಪೈಕಿ 13 ಮಂದಿಗೆ ಸೀಟು ಸಿಕ್ಕಿತು, ಶೇ. 65. ಸೀಟು ಸಿಗುವುದೇ ಕಷ್ಟವಾದ ಎರಡನೆಯ ವಿಭಾಗದಲ್ಲಿ 20 ಪುರುಷರಲ್ಲಿ 4 ಮಂದಿ (ಶೇ. 20), 80 ಮಹಿಳೆಯರಲ್ಲಿ 20 ಮಂದಿ (ಶೇ. 25) ಆಯ್ಕೆಯಾದರು. ಎರಡನ್ನೂ ಕೂಡಿಸಿದರೆ ನೂರು ಪುರುಷರಲ್ಲಿ 52, ನೂರು ಮಹಿಳೆಯರಲ್ಲಿ 33. ಎರಡೂ ಕಡೆ ಮುಂದಿದ್ದವರು ಮೊತ್ತದಲ್ಲಿ 19 ಅಂಶ ಹಿಂದಾದರು.

ಒಟ್ಟು ಶೇಕಡಾವಾರು ಎಂಬುದು ವಿಭಾಗಗಳ ಸರಾಸರಿಯಾದರೂ, ಯಾವ ವಿಭಾಗಕ್ಕೆ ಎಷ್ಟು ತೂಕ ಎಂಬುದನ್ನು ಅಲ್ಲಿಗೆ ಬಂದ ಅರ್ಜಿಗಳ ಸಂಖ್ಯೆಯೇ ನಿರ್ಧರಿಸುತ್ತದೆ. ಇಲ್ಲಿ ಪುರುಷರ ಸರಾಸರಿಯಲ್ಲಿ ಸುಲಭದ ವಿಭಾಗದ ತೂಕ ಐದರಲ್ಲಿ ನಾಲ್ಕು ಪಾಲು, ಮಹಿಳೆಯರದರಲ್ಲಿ ಒಂದೇ ಪಾಲು. ಪರೀಕ್ಷಿಸಲು ಇಬ್ಬರ ಸರಾಸರಿಯಲ್ಲೂ ಎರಡು ವಿಭಾಗಗಳಿಗೆ ಅರ್ಧರ್ಧ ತೂಕ ಕೊಟ್ಟೆ: ಪುರುಷರು ಶೇ. 40, ಮಹಿಳೆಯರು ಶೇ. 45. ದಿಕ್ಕು ಮತ್ತೆ ತಿರುಗಿತು.

ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದಲ್ಲಿ ಪುರುಷರಲ್ಲಿ ಸುಮಾರು ಶೇ. 44, ಮಹಿಳೆಯರಲ್ಲಿ ಶೇ. 35 ಆಯ್ಕೆಯಾಗಿದ್ದಾಗಲೂ, ಪ್ರವೇಶ ಕಠಿಣವಾಗಿದ್ದ ವಿಭಾಗಗಳಿಗೇ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದುದು ಆ ಅಂತರಕ್ಕೆ ಮುಖ್ಯ ಕಾರಣವೆಂದು 1975ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು.

ಹಾಗೆಂದು ಒಡೆದು ನೋಡಿದ ಲೆಕ್ಕವೇ ಯಾವಾಗಲೂ ಸರಿ ಎಂದು ನಾನು ಒಪ್ಪುವುದಿಲ್ಲ. ವಿಭಾಗವನ್ನು ಅಭ್ಯರ್ಥಿಯು ಆಯ್ಕೆಗೆ ಮೊದಲೇ ಆರಿಸಿಕೊಂಡಿರುತ್ತಾರೆ, ಆದ್ದರಿಂದ ಆಯ್ಕೆದಾರರು ತಾರತಮ್ಯ ಮಾಡಿದರೇ ಎಂಬ ಪ್ರಶ್ನೆಗೆ ವಿಭಾಗವಾರು ನೋಡುವುದು ನ್ಯಾಯ. ಆದರೆ ಸಂದರ್ಶನದ ಅಂಕದ ಪ್ರಕಾರ ಗುಂಪು ಮಾಡಿದರೆ, ಆ ಅಂಕವನ್ನು ಕೊಟ್ಟವರು ಅದೇ ಆಯ್ಕೆದಾರರಾದ್ದರಿಂದ, ಹುಡುಕುತ್ತಿರುವ ತಾರತಮ್ಯವನ್ನು ನಾವೇ ಮುಚ್ಚಿಟ್ಟಂತಾಗುತ್ತದೆ.

ಇನ್ನೊಂದು ಎಡವಟ್ಟು ಸಣ್ಣ ಗುಂಪುಗಳದ್ದು. ನನ್ನ ಪಟ್ಟಿಯ ಮೊದಲ ವಿಭಾಗದಲ್ಲಿ ಒಬ್ಬ ಮಹಿಳೆಗೆ ಸೀಟು ತಪ್ಪಿದರೆ 20ರಲ್ಲಿ 12, ಅಂದರೆ ಪುರುಷರಷ್ಟೇ ಶೇ. 60, ಇಬ್ಬರಿಗೆ ತಪ್ಪಿದರೆ ಶೇ. 55, ಅವರು ಹಿಂದೆ. ಹೀಗಾಗಿ ನಿಜವಾದ ವರದಿಯಲ್ಲಿ ಪ್ರತಿ ಶೇಕಡಾವಾರಿನ ಪಕ್ಕದಲ್ಲೂ ಅರ್ಜಿಗಳ ಸಂಖ್ಯೆಯನ್ನು ಬರೆದೆ, ಮತ್ತು ‘ಮಹಿಳೆಯರು ಮುಂದಿದ್ದಾರೆ’ ಎಂದಿದ್ದ ಸಾಲನ್ನು ‘ಮಹಿಳೆಯರು ಹಿಂದಿದ್ದಾರೆ ಎನ್ನಲು ವಿಭಾಗವಾರು ಆಧಾರವಿಲ್ಲ’ ಎಂದು ತಿದ್ದಿದೆ.