ಅರ್ಜಿ ವಾಪಸ್ ಬಂತು, ಬಯೋಡೇಟಾ ಬರ್ಲಿನ್ನಲ್ಲೇ ಉಳಿಯಿತು

2025ರ ಸೆಪ್ಟೆಂಬರ್ 3ರಂದು, ಆಫೀಸಿನ ಕ್ಯಾಂಟೀನಿನಲ್ಲಿ ಕೂತಿದ್ದಾಗ ಒಂದು ಮೇಲ್ ಬಂತು. ನಿಮ್ಮ ಅನುಭವಕ್ಕೆ ಹೊಂದುವ ಹೊಸ ಕೆಲಸವೊಂದು ನಮ್ಮಲ್ಲಿದೆ, ಆಸಕ್ತಿ ಇದೆಯಾ ಅಂತ. ಕಳಿಸಿದ್ದು ಬರ್ಲಿನ್ನಿನ ಒಂದು ಸಾಫ್ಟ್‌ವೇರ್ ಕಂಪನಿ. ಅದೇ ಕಂಪನಿಗೆ ಹಾಕಿದ್ದ ಅರ್ಜಿಯನ್ನು ನಾನು ಫೆಬ್ರವರಿಯಲ್ಲೇ ಹಿಂತೆಗೆದುಕೊಂಡಿದ್ದೆ. ನನ್ನ ವಿವರಗಳನ್ನೆಲ್ಲ ಅಳಿಸಿ ಅಂತ ಬರೆದೂ ಇದ್ದೆ.

ಮೂರು ಸುತ್ತು ಸಂದರ್ಶನ ಮುಗಿಸಿದ್ದವಳು ನಾನು. ಟೆಸ್ಟಿಂಗ್ ವಿಭಾಗದ ಹಿರಿಯ ಹುದ್ದೆ, ಸಂಬಳದ ಮಾತೂ ಶುರುವಾಗಿತ್ತು. ವೀಸಾಕ್ಕೆ ಮುಂದೆ ಬೇಕಾಗುತ್ತದೆ ಅಂತ ಪಾಸ್‌ಪೋರ್ಟ್ ಪ್ರತಿ, ಮೂರು ತಿಂಗಳ ಪೇ ಸ್ಲಿಪ್, ಡಿಗ್ರಿ ಅಂಕಪಟ್ಟಿ ಎಲ್ಲ ಅಪ್‌ಲೋಡ್ ಮಾಡಿಸಿಕೊಂಡಿದ್ದರು. ಅಷ್ಟರಲ್ಲಿ ಹಾಸನದಲ್ಲಿದ್ದ ಅಮ್ಮನಿಗೆ ಬೆನ್ನುಮೂಳೆ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದರು. ಆ ಸ್ಥಿತಿಯಲ್ಲಿ ಬರ್ಲಿನ್ ಮಾತೇ ಇರಲಿಲ್ಲ. ಫೆಬ್ರವರಿ 12ರಂದು ಪೋರ್ಟಲ್‌ನಲ್ಲಿ `Withdraw` ಬಟನ್ ಒತ್ತಿದೆ. ಎಚ್‌ಆರ್ ಹುಡುಗಿ ಫೋನ್ ಮಾಡಿ ವಿಚಾರಿಸಿದಾಗ ಕಾರಣವನ್ನೂ ಹೇಳಿಬಿಟ್ಟೆ. ಒಳ್ಳೆಯ ಹುಡುಗಿ, ಮರುಕಪಟ್ಟಳು. ಆ ಮಾತು ಎಲ್ಲಿಗೆ ಹೋಯಿತು ಅನ್ನೋದನ್ನು ಮುಂದೆ ಹೇಳುತ್ತೇನೆ.

ಆ ಬಟನ್ ಒತ್ತಿದರೆ ಅರ್ಜಿಯ ಸ್ಥಿತಿ ಬದಲಾಗುತ್ತದೆ, ಅಷ್ಟೆ. ಹೆಸರು, ಬಯೋಡೇಟಾ, ಪಾಸ್‌ಪೋರ್ಟ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಇದು ನನಗೆ ಗೊತ್ತಿತ್ತು, ನಾವೂ ನಮ್ಮ ಕಂಪನಿಯಲ್ಲಿ ಅಂಥದೇ ಸಾಫ್ಟ್‌ವೇರ್ ಬಳಸುತ್ತೇವೆ. ಹಾಗಾಗಿ ಮರುದಿನವೇ ಅಳಿಸಲು ಕೇಳಿ ಬರೆದೆ. ಬೆಂಗಳೂರಿನಲ್ಲಿ ಕೂತವಳಿಗೆ ಯುರೋಪಿನ ಕಾನೂನು ಹೇಗೆ ಅನ್ವಯಿಸುತ್ತದೆ ಅಂತ ಗೆಳತಿಯೊಬ್ಬಳು ನಕ್ಕಳು. ಅನ್ವಯಿಸುತ್ತದೆ. ಜಿಡಿಪಿಆರ್ ಅನ್ನೋದು ವೈಯಕ್ತಿಕ ಮಾಹಿತಿ ಕಾಪಾಡುವ ಯುರೋಪಿನ ಕಾನೂನು, ಅದರ 3ನೇ ವಿಧಿ ಅರ್ಜಿದಾರರು ಯಾವ ದೇಶದವರು ಅಂತ ನೋಡುವುದಿಲ್ಲ. ಆ ಮಾಹಿತಿ ಬಳಸುವ ಕಂಪನಿಗೆ ಯುರೋಪಿನ ಒಕ್ಕೂಟದಲ್ಲಿ ನೆಲೆ ಇದ್ದರೆ ಸಾಕು.

ಎರಡು ದಿನದಲ್ಲಿ ಉತ್ತರ ಬಂತು: ಆರು ತಿಂಗಳು ಇಟ್ಟುಕೊಳ್ಳುತ್ತೇವೆ, ಆಮೇಲೆ ತಾನಾಗಿ ಅಳಿಯುತ್ತದೆ. ಮೊದಲು ಸಿಟ್ಟು ಬಂತು. ವಿಚಾರಿಸಿದರೆ ಅದರಲ್ಲಿ ಸ್ವಲ್ಪ ಅರ್ಥವಿತ್ತು. ಜರ್ಮನಿಯಲ್ಲಿ ತಾರತಮ್ಯದ ವಿರುದ್ಧ ಎಜಿಜಿ ಅನ್ನೋ ಕಾಯ್ದೆ ಇದೆ. ಹೆಣ್ಣು, ವಿದೇಶಿ, ವಯಸ್ಸಾಯಿತು ಅಂತ ತನ್ನನ್ನು ಕೈಬಿಟ್ಟರು ಅನ್ನುವ ಅಭ್ಯರ್ಥಿ, ತಿರಸ್ಕಾರದ ಪತ್ರ ಸಿಕ್ಕ ಎರಡು ತಿಂಗಳೊಳಗೆ ಲಿಖಿತವಾಗಿ ಪರಿಹಾರ ಕೇಳಬೇಕು. ಹಾಗೆ ಕೇಳಿದ ಮೇಲೆ ಕೋರ್ಟಿಗೆ ಹೋಗಲು ಇನ್ನೂ ಮೂರು ತಿಂಗಳು. ಅಲ್ಲಿಗೆ ಐದಾಯಿತು, ಅಂಚೆ ಓಡಾಟಕ್ಕೆ ಇನ್ನೊಂದಿಷ್ಟು ಸೇರಿಸಿ ಅಲ್ಲಿನ ಕಂಪನಿಗಳು ಆರು ತಿಂಗಳು ಅಂತ ಲೆಕ್ಕ ಇಟ್ಟುಕೊಂಡಿವೆ. ಕಾನೂನು ಸಂಬಂಧಿ ವಾದಕ್ಕೆ ಬೇಕಾದದ್ದನ್ನು ಅಳಿಸದೆ ಇಡಲು, ಅಳಿಸುವ ಹಕ್ಕು ಕೊಡುವ ಜಿಡಿಪಿಆರ್‌ನ 17ನೇ ವಿಧಿಯಲ್ಲೇ ಅವಕಾಶವಿದೆ.

ಆದರೆ ನನ್ನನ್ನು ಯಾರೂ ತಿರಸ್ಕರಿಸಿರಲಿಲ್ಲ, ನಾನೇ ಬಿಟ್ಟುಬಂದಿದ್ದೆ. ಅವರ ವಾದ ಅಲ್ಲೇ ಸಡಿಲ. ಇಡೀ ಕಡತಕ್ಕಾಗಿ ಜಗಳ ಕಾಯುವ ಬದಲು ನಾನು ಅದನ್ನು ಬಿಡಿಬಿಡಿಯಾಗಿ ಕೇಳಿದೆ: ನಾಳೆ ಕೋರ್ಟಿನಲ್ಲಿ ನಿಮ್ಮ ಆಯ್ಕೆ ನ್ಯಾಯವಾಗಿತ್ತು ಅಂತ ತೋರಿಸಲು ನನ್ನ ಪೇ ಸ್ಲಿಪ್ ಯಾಕೆ ಬೇಕು? ಪಾಸ್‌ಪೋರ್ಟ್ ಯಾಕೆ ಬೇಕು? ಸಂದರ್ಶನದ ವಿಡಿಯೋ ಯಾಕೆ ಬೇಕು? ಈ ಮೂರನ್ನು ಈಗಲೇ ತೆಗೆಯಿರಿ, ಉಳಿದದ್ದು ಆಗಸ್ಟ್ 12ರವರೆಗೆ ಇರಲಿ ಅಂದೆ. ಅದಕ್ಕೆ ಒಪ್ಪಿದರು, ವಾರದೊಳಗೆ ತೆಗೆದೆವು ಅಂತ ಬರೆದರು. ನಾನೂ ಅಮ್ಮನ ಆಸ್ಪತ್ರೆ ಓಡಾಟದಲ್ಲಿ ಮರೆತೆ. ಆಗಸ್ಟ್ ಕಳೆದು ಸೆಪ್ಟೆಂಬರ್‌ನಲ್ಲಿ ಆ ಮೇಲ್ ಬಂದಾಗಲೇ ನೆನಪಾದದ್ದು.

ಈ ಸಲ ನೇರವಾಗಿ ಅಳಿಸಿ ಅನ್ನಲಿಲ್ಲ. ಮೊದಲು ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ತೋರಿಸಿ ಅಂದೆ. ಈ ಕ್ರಮ ಮುಖ್ಯ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ, ಮೊದಲು ಅಳಿಸಿ ಆಮೇಲೆ "ನಮ್ಮಲ್ಲಿ ಏನೂ ಇಲ್ಲ" ಅಂತ ಉತ್ತರ ಬರಬಹುದು. ಎಲ್ಲಿ ಏನಿತ್ತು, ಯಾರಿಗೆ ಕೊಟ್ಟಿದ್ದರು ಅನ್ನೋದು ಆಮೇಲೆ ಎಂದೂ ಗೊತ್ತಾಗುವುದಿಲ್ಲ. ಸೆಪ್ಟೆಂಬರ್ 4ರಂದು, ಈ ಬಾರಿ ಎಚ್‌ಆರ್‌ಗಲ್ಲ, ಅವರ ವೆಬ್‌ಸೈಟಿನ ಪ್ರೈವಸಿ ಪುಟದ ಕೊನೆಯಲ್ಲಿದ್ದ ಡೇಟಾ ಸಂರಕ್ಷಣಾ ಅಧಿಕಾರಿಯ ವಿಳಾಸಕ್ಕೆ ಬರೆದೆ. ಮೇಲ್‌ನ ತಲೆಬರಹ ಇಷ್ಟೆ:

```
Access request under Article 15 GDPR
```

ಒಳಗೆ ನಾಲ್ಕು ಸಾಲು. ನನ್ನ ಹೆಸರು, ಅರ್ಜಿ ಸಂಖ್ಯೆ, ಅರ್ಜಿಗೆ ಬಳಸಿದ ಮೇಲ್ ವಿಳಾಸ. ನನ್ನ ಮಾಹಿತಿಯ ಪ್ರತಿ ಬೇಕು, ಸಂದರ್ಶನದ ಟಿಪ್ಪಣಿಗಳೂ ಸೇರಿ. ಯಾರಿಗೆಲ್ಲ ಕೊಟ್ಟಿದ್ದೀರಿ, ಎಷ್ಟು ಕಾಲ ಇಡುತ್ತೀರಿ ಅನ್ನೋದು ಬೇಕು. ಕಾನೂನಿನ ಪ್ರಕಾರ ಕಂಪನಿ ಇದಕ್ಕೆ ಒಂದು ತಿಂಗಳೊಳಗೆ ಉತ್ತರಿಸಬೇಕು. ವಿಷಯ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು, ಆದರೆ ಹಾಗೆ ತೆಗೆದುಕೊಳ್ಳುತ್ತೇವೆ ಅನ್ನೋದನ್ನು ಕಾರಣ ಸಮೇತ ಮೊದಲ ತಿಂಗಳೊಳಗೇ ಹೇಳಬೇಕು. ಕ್ಯಾಲೆಂಡರಿನಲ್ಲಿ ಅಕ್ಟೋಬರ್ 4 ಗುರುತು ಹಾಕಿಕೊಂಡೆ.

ಐದನೇ ದಿನ ಬಂದ ಉತ್ತರ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುರುತು ಖಚಿತಪಡಿಸಲು ಪಾಸ್‌ಪೋರ್ಟ್ ಪ್ರತಿ ಕಳಿಸಿ ಅಂತ! ಅಳಿಸಿಕೊಂಡ ಪಾಸ್‌ಪೋರ್ಟನ್ನೇ ಮತ್ತೆ ಅವರ ಕೈಗೆ ಕೊಡಬೇಕಂತೆ. ಬೇರೆಯವರ ಹೆಸರಿನಲ್ಲಿ ಯಾರೋ ಮಾಹಿತಿ ಕೇಳಬಾರದು ಅನ್ನುವ ಎಚ್ಚರ ಸರಿಯೇ. ಆದರೆ ನ್ಯಾಯವಾದ ಅನುಮಾನ ಇದ್ದಾಗ ಮಾತ್ರ ಹೆಚ್ಚಿನ ಪುರಾವೆ ಕೇಳಬಹುದು ಅಂತ 12ನೇ ವಿಧಿ ಹೇಳುತ್ತದೆ. ನಾನು ಬರೆದೆ: "ಅರ್ಜಿ ಹಾಕಿದ ಮೇಲ್‌ನಿಂದಲೇ ಬರೆಯುತ್ತಿದ್ದೇನೆ. ಅನುಮಾನವಿದ್ದರೆ ಪೋರ್ಟಲ್‌ಗೆ ಲಾಗಿನ್ ಆಗಿ ಅಲ್ಲಿಂದಲೂ ಸಂದೇಶ ಕಳಿಸುತ್ತೇನೆ. ಪಾಸ್‌ಪೋರ್ಟ್ ಬೇಕೇ ಬೇಕು ಅಂದರೆ ಯಾವ ಅನುಮಾನದ ಮೇಲೆ ಅಂತ ತಿಳಿಸಿ." ಮರುದಿನ ಪೋರ್ಟಲ್ ಸಂದೇಶ ಸಾಕು ಅಂದರು.

ಸೆಪ್ಟೆಂಬರ್ 29ರಂದು ಹನ್ನೊಂದು ಪುಟದ ಪಿಡಿಎಫ್ ಬಂತು. ಬಯೋಡೇಟಾ, ಮೇಲ್‌ಗಳು, ಸಂದರ್ಶಕರು ಕೊಟ್ಟ ಅಂಕಗಳು. ಒಂಬತ್ತನೇ ಪುಟದಲ್ಲಿ, ಫೆಬ್ರವರಿ 12ರ ತಾರೀಖಿನ ಕೆಳಗೆ, ಎಚ್‌ಆರ್ ಬರೆದ ಒಂದೂವರೆ ಸಾಲು: ತಾಯಿಗೆ ಬೆನ್ನುಮೂಳೆ ಶಸ್ತ್ರಚಿಕಿತ್ಸೆ, ಒಬ್ಬಳೇ ಮಗಳು, 2026ರಲ್ಲಿ ಮತ್ತೆ ಪ್ರಯತ್ನಿಸಬಹುದು. ಅಮ್ಮನ ಬೆನ್ನು ನೋವು ಬರ್ಲಿನ್ನಿನ ಯಾವುದೋ ಸರ್ವರಿನಲ್ಲಿ ಏಳು ತಿಂಗಳಿಂದ ಕೂತಿತ್ತು. ಅಮ್ಮನಿಗೆ ಹೇಳಿದರೆ "ಅಲ್ಲೂ ಯಾರಾದರೂ ಎಣ್ಣೆ ತಿಕ್ಕುತ್ತಾರೇನೋ ಕೇಳು" ಅಂದರು. ಅವತ್ತಿನಿಂದ ಯಾರಿಗಾದರೂ ಅರ್ಜಿ ಹಿಂತೆಗೆದುಕೊಳ್ಳುವಾಗ "ವೈಯಕ್ತಿಕ ಕಾರಣ" ಅನ್ನೋದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಮೇಲ್ ಯಾಕೆ ಬಂತು ಅನ್ನೋದೂ ಅದೇ ಕಡತದಲ್ಲಿ ತಿಳಿಯಿತು. ಆರು ತಿಂಗಳ ಗಡುವು ಅರ್ಜಿಗೆ ಮಾತ್ರ ಕೂತಿತ್ತು. ಅದರ ಜೊತೆಗೆ ನನ್ನ ಹೆಸರು 'ಟ್ಯಾಲೆಂಟ್ ಪೂಲ್' ಅನ್ನುವ ಬೇರೊಂದು ಪಟ್ಟಿಗೂ ಸೇರಿತ್ತು. ಅರ್ಜಿ ಹಾಕುವಾಗ, ಮುಂದಿನ ಅವಕಾಶಗಳಿಗೂ ನನ್ನನ್ನು ಪರಿಗಣಿಸಿ ಅನ್ನುವ ಚೌಕದಲ್ಲಿ ನಾನೇ ಟಿಕ್ ಹಾಕಿದ್ದೆ. ಆ ಪಟ್ಟಿಗೆ ಎರಡು ವರ್ಷದ ಗಡುವು. ಫೆಬ್ರವರಿಯ ನನ್ನ ಮೇಲ್ ಎಚ್‌ಆರ್ ಕೈಗೆ ಹೋಗಿತ್ತು, ಅವರು ಅರ್ಜಿಯನ್ನಷ್ಟೇ ನೋಡಿದ್ದರು. ಬೇಕೆಂದೇ ಮಾಡಿದ ಮೋಸ ಅಂತ ನನಗನಿಸಲಿಲ್ಲ. ಎರಡು ಪಟ್ಟಿ, ಎರಡು ಗಡುವು, ಒಂದನ್ನು ನೋಡಿದವರು ಇನ್ನೊಂದನ್ನು ನೋಡಲಿಲ್ಲ.

ಈಗ ಅಳಿಸುವ ಪತ್ರ ಬರೆಯುವುದು ಸುಲಭವಾಯಿತು, ಯಾಕಂದರೆ ಬೆರಳಿಟ್ಟು ತೋರಿಸಬಹುದಿತ್ತು. ಅಕ್ಟೋಬರ್ 1ರಂದು ಬರೆದೆ. ಟ್ಯಾಲೆಂಟ್ ಪೂಲ್‌ಗೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ ಅಂತ ಸ್ಪಷ್ಟವಾಗಿ ಒಂದು ಸಾಲು. ಆರು ತಿಂಗಳು ಮುಗಿದಿರುವುದರಿಂದ ಅರ್ಜಿ, ಟಿಪ್ಪಣಿ, ಅಂಕಗಳನ್ನು ಇಡಲು ಈಗ ಕಾರಣ ಉಳಿದಿಲ್ಲ ಅಂತ ಇನ್ನೊಂದು. ಪಿಡಿಎಫ್‌ನಲ್ಲಿ ಹೆಸರಿಸಿದ್ದ ವಿಡಿಯೋ ಸಂದರ್ಶನದ ಸಂಸ್ಥೆಗೂ ಅಳಿಸಲು ತಿಳಿಸಿ ಅಂತ ಮತ್ತೊಂದು. ಮಾಹಿತಿಯನ್ನು ಯಾರಿಗೆ ಕೊಟ್ಟಿದ್ದರೋ ಅವರಿಗೆ ಅಳಿಸಿದ ವಿಷಯ ಮುಟ್ಟಿಸುವುದು 19ನೇ ವಿಧಿ ಪ್ರಕಾರ ಕಂಪನಿಯ ಹೊಣೆ. ಕೋಡಿಂಗ್ ಪರೀಕ್ಷೆಯ ತಾಣದ ಕಥೆ ಬೇರೆ. ಅಲ್ಲಿ ನಾನೇ ಖಾತೆ ತೆರೆದು ಅವರ ಷರತ್ತು ಒಪ್ಪಿದ್ದೆ, ಹಾಗಾಗಿ ಅದನ್ನು ನಾನೇ ಹೋಗಿ ಅಳಿಸಿದೆ.

ಅಕ್ಟೋಬರ್ 21ಕ್ಕೆ ಎಲ್ಲ ಅಳಿಸಿದೆವು ಅಂತ ಉತ್ತರ. ಎರಡು ವಿಷಯ ಉಳಿಯುತ್ತವೆ ಅಂತಲೂ ಬರೆದಿದ್ದರು. ಬ್ಯಾಕಪ್‌ಗಳಲ್ಲಿ ಇರುವ ಪ್ರತಿಗಳು ತಮ್ಮ ಸರದಿ ಬಂದಾಗ ಹೋಗುತ್ತವೆ. ನಾನು ಅಳಿಸಲು ಕೇಳಿದ ಪತ್ರ ಮತ್ತು ಅವರ ಉತ್ತರವನ್ನು, ಕಾನೂನು ಪಾಲಿಸಿದ್ದೇವೆ ಅಂತ ತೋರಿಸಲು ಇಟ್ಟುಕೊಳ್ಳುತ್ತಾರೆ. ಎರಡೂ ಒಪ್ಪುವ ಮಾತೇ. ಏನೂ ಉಳಿಯಲಿಲ್ಲ ಅಂತ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಟೆಸ್ಟಿಂಗ್ ಮಾಡುವವಳ ಚಟ, ಮರುದಿನ ಪೋರ್ಟಲ್‌ಗೆ ಹೋಗಿ `Forgot password` ಒತ್ತಿದೆ. ಪರದೆ ಮೇಲೆ ಬರುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಖಾತೆ ಇದ್ದರೂ ಇಲ್ಲದಿದ್ದರೂ ಸುರಕ್ಷತೆಗಾಗಿ ಒಂದೇ ಸಂದೇಶ ತೋರಿಸುವ ತಾಣಗಳೇ ಹೆಚ್ಚು. ನೋಡಬೇಕಾದ್ದು ಇನ್‌ಬಾಕ್ಸ್. ಒಂದು ನಿಮಿಷದಲ್ಲಿ ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂತು. ಒಳಗೆ ಹೋದರೆ ಅರ್ಜಿಗಳ ಪಟ್ಟಿ ಖಾಲಿ, ಆದರೆ ನನ್ನ ಹೆಸರು, ಫೋನ್ ನಂಬರ್, ಹಾಸನದ ಮನೆ ವಿಳಾಸ ಹಾಗೇ ಇದ್ದವು. ಅರ್ಜಿ ಬೇರೆ, ಅಭ್ಯರ್ಥಿಯ ಖಾತೆ ಬೇರೆ. ಖಾತೆಯನ್ನು ಯಾರೂ ಮುಟ್ಟಿರಲಿಲ್ಲ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿ ಅದೇ ಅಧಿಕಾರಿಗೆ ಮೂರು ಸಾಲು ಬರೆದೆ. ಉತ್ತರ ಬರದಿದ್ದರೆ ಬರ್ಲಿನ್ನಿನ ಡೇಟಾ ಸಂರಕ್ಷಣಾ ಆಯುಕ್ತರ ಕಚೇರಿಗೆ ದೂರು ಕೊಡುವುದೆಂದು ನಿರ್ಧರಿಸಿದ್ದೆ, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬೇಕಾಗಲಿಲ್ಲ. ಅಕ್ಟೋಬರ್ 27ರಂದು ಕ್ಷಮೆ ಕೇಳಿ ಬರೆದರು. ಮತ್ತೆ ಅದೇ ಬಟನ್ ಒತ್ತಿದೆ. ಸಂಜೆವರೆಗೆ ಕಾದರೂ ಲಿಂಕ್ ಬರಲಿಲ್ಲ.

ಈ ಕಂಪನಿಗೆ ನನ್ನನ್ನು ಪರಿಚಯಿಸಿದ್ದು ಬೆಂಗಳೂರಿನ ಒಂದು ಏಜೆನ್ಸಿ. ಅವರಿಗೂ ಬರೆದಿದ್ದೆ. ಇಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ಬಂದ 2023ರ ಡಿಪಿಡಿಪಿ ಕಾಯ್ದೆಯಲ್ಲಿ ಅಳಿಸಿಕೊಳ್ಳುವ ಹಕ್ಕು ಇದೆ, ಆದರೆ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರ್‌ನಲ್ಲಿ. ಆ ಭಾಗ ಜಾರಿಯಾಗಲು ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ. ಹಾಗಾಗಿ ನನ್ನ ಪತ್ರ ಹಕ್ಕೊತ್ತಾಯಕ್ಕಿಂತ ವಿನಂತಿಯೇ ಆಗಿತ್ತು. ಹತ್ತು ನಿಮಿಷದಲ್ಲಿ ಫೋನ್ ಬಂತು: "ಡಿಲೀಟ್ ಮಾಡಿದೀವಿ ಮೇಡಂ, ಚಿಂತೆ ಮಾಡ್ಬೇಡಿ." ಡಿಸೆಂಬರ್‌ನಲ್ಲಿ ಅದೇ ಏಜೆನ್ಸಿಯ ಇನ್ನೊಬ್ಬ ಹುಡುಗ ಫೋನ್ ಮಾಡಿದ. ನಂಬರ್ ಎಲ್ಲಿ ಸಿಕ್ಕಿತು ಅಂದೆ. "ನಮ್ಮ ಎಕ್ಸೆಲ್ ಶೀಟಲ್ಲಿ ಇದೆಯಲ್ಲಾ ಮೇಡಂ," ಅಂದ.